ಕಣ್ಣಿನ ಫೋಟೋ ಹೋಯ್ತು, ಈಗ ಡಾಕ್ಟರಿಗೆ ಬಾಯಿಲೆ ಹೆಂಗ ಹೇಳಬೇಕ್ರಿ?

ತೊಗರಿ ಹೊಲದವ (ಸೇಡಂ) · ಭಾನುವಾರ ರಾತ್ರಿ 9:10

ಎಲ್ಲರಿಗೂ ಶರಣು. ನಮ್ಮ ಮನ್ಯಾಗ ಒಂದು ಊರನಾಯಿ ಅದ, ಹೆಸರು ಕರಿಯಾ, ನಾಲ್ಕು ವರ್ಷದ್ದು. ಶುಕ್ರವಾರ ಸಂಜೀಕ ಹೊಲದಿಂದ ಬಂದಾಗ ಎಡಗಣ್ಣು ಮುಚ್ಚಿ ಮುಚ್ಚಿ ತೆಗೀತಿತ್ತು. ಶನಿವಾರ ಮುಂಜಾನೆ ನೋಡಿದ್ರ ಕಣ್ಣಾಗ ಬಿಳಿ ಬಂದಿತ್ತು. ಆಗ ಇನ್ನಾ ಕಣ್ಣು ತೆಗೀತಿತ್ತು, ಛಲೋ ಬೆಳಕಿನ್ಯಾಗ ನಾಲ್ಕು ಫೋಟೋ ಹೊಡದು ಕಲಬುರಗಿ ಡಾಕ್ಟರಿಗೆ ಕಳಿಸಿದೆ. ನಮ್ಮ ಹೊಲದಾಗ ನೆಟ್ ಇಲ್ಲ, ಅದು ಸುತ್ತಕೋತ ಕುಂತದ್ದು ಕುಂತೇ ಹೋಯ್ತು. ಮಧ್ಯಾಹ್ನ ಎತ್ತಿಗೆ ನೀರು ಕುಡಸೂಮುಂದ ಫೋನು ಬಾನಿಯೊಳಗ ಬಿತ್ತು. ಈಗ ಅಳಿಯನ ಫೋನಿನಿಂದ ಬರೀಲತ್ತೀನಿ.

ಇವತ್ತ ಡಾಕ್ಟರ್ ಜೋಡಿ ಮಾತಾಡಿದೆ. "ಫೋಟೋ ಬಂದಿಲ್ಲಪ್ಪ, ಏನಾಗ್ಯಾದ ಹೇಳು" ಅಂದ್ರು. "ಕಣ್ಣಿಗಿ ಬಿಳಿ ಪೊರಿ ಬಂದದ್ರಿ" ಅಂದೆ. "ಪೊರೆ ಆದ್ರ ಅವಸರ ಇಲ್ಲ, ಮುಂದಿನ ವಾರ ಕರಕೊಂಡು ಬಾ" ಅಂದ್ರು. ಆದ್ರ ನಾಯಿ ಕಾಲಿಲೆ ಕಣ್ಣು ತಿಕ್ಕೊಳ್ಳತದ, ಉಣ್ಣಲತ್ತಿಲ್ಲ. ಮತ್ತೊಂದು ಫೋಟೋ ಹೊಡೀಬೇಕಂದ್ರ ಈಗ ಕಣ್ಣೇ ತೆಗೀವಲ್ದು, ಫ್ಲ್ಯಾಶ್ ಹಾಕಿದ್ರ ಒದ್ದಿ ರೆಪ್ಪಿ ಬಿಟ್ಟು ಏನೂ ಬರಂಗಿಲ್ಲ. ನಾ ಹೇಳಿದ್ದರಾಗೇ ಏನರೆ ತಪ್ಪಾಗ್ಯಾದೇನು?

ಬಿಸಿಲೂರ ಹುಡುಗ · 9:22

ಅಣ್ಣಾ ಫೋಟೋ ಎಲ್ಲೂ ಹೋಗಿರಂಗಿಲ್ಲ. ಫೋನು ಒಣಗಿಸಿ ಚಾಲೂ ಆದ್ರ ಫೈಲ್ ಮ್ಯಾನೇಜರ್‌ನಾಗ ಹೋಗಿ ಇಲ್ಲಿ ನೋಡ್ರಿ, ಕಳಿಸಿದ್ದು, ಕಳಸಲಾಕ ಹಚ್ಚಿದ್ದು ಇಲ್ಲಿ ಸಿಗ್ತಾವ:

```
Android/media/com.whatsapp/WhatsApp/Media/WhatsApp Images/Sent
```

ತೊಗರಿ ಹೊಲದವ · 9:25

ತಮ್ಮಾ, ಫೋನು ಚಾಲೂನೇ ಆಗವಲ್ದು. ಅಂಗಡ್ಯಾಂವ "ಬೋರ್ಡ್ ಹೋಗ್ಯಾದ" ಅಂದ. ನಂದು ಫೋಟೋದ ಪ್ರಶ್ನಿ ಅಲ್ಲ, ಕಣ್ಣಿನ ಪ್ರಶ್ನಿ.

ಬಿಸಿಲೂರ ಹುಡುಗ · 9:26

ಓ ಹಂಗಾ. ಅಕ್ಕಿ ಡಬ್ಬ್ಯಾಗ ಇಡಬ್ಯಾಡ್ರಿ ಮಾತ್ರ, ಧೂಳು ಒಳಗ ಹೋಗ್ತದ.

ಶಹಾಪುರ ಕಾಕಾ · 9:31

ಇಷ್ಟಕ್ಕ್ಯಾಕ ಡಾಕ್ಟರ್ರು. ಇದು ಕಣ್ಣಿಗಿ ಹೂ ಬಿದ್ದದ್ದು. ನಮ್ಮ ಅಪ್ಪ ಎತ್ತಿನ ಕಣ್ಣಿಗಿ ಹೂ ಬಿದ್ರ ಉಪ್ಪು ಜಗದು ಉಗುಳತಿದ್ದ, ಎಂಟು ದಿನಕ್ಕ ಹೋಗತಿತ್ತು. ಅದು ಮನಸ್ಸಿಗಿ ಬರಲಿಲ್ಲಂದ್ರ ಮನ್ಯಾಗ ಯಾರರೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ರ ಅವರ ಹನಿ ಔಷಧ ಉಳದಿರತದ, ದಿನಾ ಮೂರು ಸಲ ಹಾಕ್ರಿ. ಕಣ್ಣು ಅಂದ್ರ ಕಣ್ಣೇ, ಮನಷ್ಯಾಂದಾದ್ರೇನು ನಾಯೀದಾದ್ರೇನು.

ದನದ ಡಾಕ್ಟರ್, ನಿವೃತ್ತ (ಬೀದರ್) · 9:48

ಕಾಕಾ, "ಹೂ ಬಿದ್ದದ್ದು" ಅನ್ನೋ ಮಾತು ಭಾಳ ಸರಿ ಇರಬಹುದು. ಔಷಧದ ಮಾತು ಮಾತ್ರ ಅಪಾಯ. ಅದಕ್ಕೆ ಆಮೇಲೆ ಬರ್ತೀನಿ.

ಸೇಡಂನವರೇ, ತಪ್ಪು ನಿಮ್ಮದೂ ಅಲ್ಲ, ಆ ಡಾಕ್ಟರದೂ ಅಲ್ಲ, "ಪೊರೆ" ಅನ್ನೋ ಶಬ್ದದ್ದು. ಡಾಕ್ಟರಿಗೆ ಪೊರೆ ಅಂದ್ರೆ ಕಣ್ಣಿನ ಒಳಗಿನ ಮಸೂರ ಬೆಳ್ಳಗಾಗೋದು, ಅಜ್ಜಿ ಆಪರೇಷನ್ ಮಾಡಿಸ್ಕೊಳ್ತಾಳಲ್ಲ ಅದು. ಅದು ತಿಂಗಳುಗಟ್ಟಲೆ ನಿಧಾನ ಬರ್ತದೆ, ಸಾಧಾರಣವಾಗಿ ನೋವಿರೋದಿಲ್ಲ, ನಾಯಿ ಕಣ್ಣು ತೆರೆದೇ ಇಟ್ಟಿರ್ತದೆ. ಅದಕ್ಕೇ ಅವರು ಮುಂದಿನ ವಾರ ಅಂದ್ರು. ನಿಮ್ಮ ನಾಯಿ ಒಂದೇ ರಾತ್ರಿಯಲ್ಲಿ ಬೆಳ್ಳಗಾಗಿದೆ, ಕಣ್ಣು ಬಿಗಿದು ಮುಚ್ಕೊಂಡಿದೆ. ಇವೆರಡೂ ಪೊರೆಗೆ ಹೊಂದೋದಿಲ್ಲ.

ನಾಯಿ ಕಣ್ಣಿನಲ್ಲಿ "ಬಿಳಿ" ಅಂತ ಜನ ಹೇಳೋದು ಮೂರು ಬೇರೆ ಬೇರೆ ವಸ್ತು. ಒಂದು ಒಳಗಿನ ಪೊರೆ. ಇನ್ನೊಂದು ಮುಂದಿನ ಗಾಜಿನ ಮೇಲೆ ಬರೋ ಮಬ್ಬು, ಕಾಕಾ ಹೇಳಿದ ಹೂವು. ಮೂರನೇದು ರೆಪ್ಪೆಯೇ: ನಾಯಿಗೆ ಮೂಗಿನ ಕಡೆಯ ಮೂಲೆಯಲ್ಲಿ ಮೂರನೇ ರೆಪ್ಪೆ ಇರ್ತದೆ, ಕಣ್ಣು ನೋಯ್ದಾಗ ಅದು ಬಿಳಿ ಪರದೆ ಹಾಗೆ ಅಡ್ಡ ಬರ್ತದೆ. ಫೋಟೋ ಇದ್ದಿದ್ರೆ ಡಾಕ್ಟರ್ ಒಂದು ನೋಟಕ್ಕೆ ಇವನ್ನ ಬೇರೆ ಮಾಡ್ತಿದ್ರು. ಫೋಟೋ ಇಲ್ಲಂದ್ರೆ ಆ ಕೆಲಸ ನಿಮ್ಮ ಮಾತು ಮಾಡಬೇಕು.

ಹಿಂಗ ಮಾಡ್ರಿ. ನಾಯಿ ಸುತ್ತ ಇರೋರನ್ನ ಎಲ್ಲಾ ಕರೀರಿ, ಶನಿವಾರ ಮುಂಜಾನೆ ಯಾರು ಯಾರು ಏನು ಏನು ನೋಡಿದ್ರು ಅಂತ ಒಬ್ಬೊಬ್ಬರನ್ನ ಬೇರೆ ಬೇರೆಯಾಗಿ ಕೇಳ್ರಿ. ಎಲ್ಲರನ್ನೂ ಒಟ್ಟಿಗೆ ಕೂಡ್ರಿಸಿ ಕೇಳಬ್ಯಾಡ್ರಿ, ಮೊದಲು ಮಾತಾಡಿದವರ ಮಾತೇ ಎಲ್ಲರ ನೆನಪಾಗ್ತದೆ. ನಾನೂ ಇಲ್ಲಿ "ಹಸಿರು ಕೀವಿತ್ತಾ" ಅಂತ ಕೇಳಿದ್ರೆ ನಿಮಗೆ ಇತ್ತು ಅನ್ನಿಸಬಹುದು, ಅದಕ್ಕೇ ಕೇಳ್ತಾ ಇಲ್ಲ.

ಗುರುಮಠಕಲ್ ಗುಬ್ಬಿ · 9:55

ಪೊಲೀಸ್ ಸ್ಟೇಷನ್ನಾಗ ಸಾಕ್ಷಿ ಹೇಳಿದಂಗಾಯ್ತಲ್ರಿ ಇದು 😄

ಭಾಲ್ಕಿ ಗೌಳಿ · 10:02

ನಮ್ಮ ದೇವಣಿ ಎತ್ತಿಗೂ ಹಿಂಗೇ ಆಗಿತ್ತು, ಕಣ್ಣಿಂದ ನೀರು ಸುರದು ಗಲ್ಲದ ಮ್ಯಾಲಿನ ಕೂದಲಾ ಉದುರಿ ಗೆರಿ ಬಿದ್ದಿತ್ತು. 1962ಕ್ಕ ಫೋನ್ ಹಚ್ಚಿದ್ವಿ, ಗಾಡಿ ಮನಿ ಬಾಗಿಲಿಗೇ ಬಂತು. ನಾಯಿಗೂ ಬರ್ತಾರೇನೋ ಕೇಳಿ ನೋಡ್ರಿ. ಎತ್ತಿಂದು ಕಣ್ಣಾಗ ಹುಳ ಇತ್ತು ನೋಡ್ರಿ, ದಾರದಂಗ, ತೆಗದ್ರು.

ತೊಗರಿ ಹೊಲದವ · 10:20

ಡಾಕ್ಟ್ರೇ, ಕೇಳಿದೆ. ಹೆಂಡ್ತಿ "ಕಣ್ಣು ಮಬ್ಬಾಗಿತ್ತು, ಹೊಗಿ ಹಿಡಿದ ಕಂದೀಲ ಗಾಜಿನಂಗ" ಅಂದ್ಲು. ನನಗ ನೆನಪಿರೋದು ಬಿಳಿ ಚುಕ್ಕಿ. ಆರನೇ ಕ್ಲಾಸಿನ ಮಗಳು ಮಾತ್ರ ಬೇರೇನೇ ಹೇಳಿದ್ಲು: "ಮೂಗಿನ ಕಡಿಂದ ಬಿಳಿ ಪರದಿ ಅರ್ಧ ತನ ಬರ್ತಿತ್ತು, ಮತ್ತ ಹಿಂದ ಹೋಗತಿತ್ತು." ಮೂರು ಮಂದಿ ಮೂರು ತರ. ಯಾರದು ಖರೆ?

ದನದ ಡಾಕ್ಟರ್, ನಿವೃತ್ತ (ಬೀದರ್) · 10:34

ಮೂವರದೂ ಖರೆ ಇರಬಹುದು, ಒಂದಕ್ಕೊಂದು ಅಡ್ಡ ಬರೋದಿಲ್ಲ. ಮಗಳು ನೋಡಿದ್ದು ಮೂರನೇ ರೆಪ್ಪೆ, ಬಂದು ಹೋಗೋದು ಅಂದ್ರೆ ಅದೇ. ಅದು ನೋವಿನ ಗುರುತು. ಮನೆಯವರು ಹೇಳಿದ ಕಂದೀಲ ಗಾಜು ಮುಂದಿನ ಪದರ ನೀರು ಕುಡಿದು ಉಬ್ಬಿದ್ದರ ಬಣ್ಣ, ತಿಳಿ ನೀಲಿ ಮಿಶ್ರ ಬೂದಿ. ನಿಮ್ಮ ಚುಕ್ಕೆ ಎಲ್ಲಿತ್ತು ಅನ್ನೋದೇ ಈಗ ಉಳಿದದ್ದು.

ಕಣ್ಣು ಈಗ ನೋಡೋ ಉಪಾಯ ಒಂದು ಹೇಳ್ತೀನಿ. ಬೆಳಕೇ ಅದಕ್ಕೆ ಚುಚ್ತಾ ಇದೆ. ಕೋಣೆ ದೀಪ ಆರಿಸಿ, ಪಕ್ಕದ ಕೋಣೆಯ ಬೆಳಕಷ್ಟೇ ಬರೋ ಹಾಗೆ ಮಾಡ್ರಿ. ಹತ್ತು ನಿಮಿಷ ಬಿಟ್ಟು ಒಂದು ತುಂಡು ರೊಟ್ಟಿ ಕೊಡ್ರಿ. ತಿನ್ನುವಾಗ ಅರ್ಧ ಕಣ್ಣು ತೆರೀತದೆ. ಕೈಲೆ ರೆಪ್ಪೆ ಎಳೀಬ್ಯಾಡ್ರಿ. ಗಾಯ ಆಳ ಇದ್ರೆ ನಾಯಿ ಕೊಸರಾಡಿದ ಒತ್ತಡಕ್ಕೇ ಕಣ್ಣು ಒಡೀಬಹುದು.

ಆಗ ಎದುರಿಗೆ ನಿಂತು ನೋಡದೆ ಪಕ್ಕದಿಂದ ನೋಡ್ರಿ. ನಿಮ್ಮ ಕರಿಯಾನ ಕಣ್ಣಲ್ಲಿ ನಡುವೆ ಕರೀ ಗುಂಡು, ಅದರ ಸುತ್ತ ಕಂದು ಬಳೆ ಇರ್ತದೆ. ಆ ಕಂದು ಬಳೆ ಸ್ಪಷ್ಟ ಕಂಡು, ನಡುವಿನ ಕರಿ ಮಾತ್ರ ಬೆಳ್ಳಗಾಗಿದ್ರೆ ಒಳಗಿನ ಪೊರೆ. ಕಂದು ಬಳೆಯೇ ಮಸುಕಾಗಿದ್ರೆ ಮಬ್ಬು ಮುಂದಿನ ಗಾಜಿನ ಮೇಲೆ. ಈ ಒಂದು ಮಾತು ಡಾಕ್ಟರಿಗೆ ನಾಲ್ಕು ಫೋಟೋಕ್ಕಿಂತ ಹೆಚ್ಚು.

ಯಾದಗಿರಿ ಅಕ್ಕ · 10:41

ನನ್ನ ಕತಿನೂ ಕೇಳ್ರಿ, ನಡು ಬಂದೆ ಅಂತ ಬೈಯಬ್ಯಾಡ್ರಿ. ನಮ್ಮ ಬೆಕ್ಕಿಗಿ ಕಿವಿ ಹಿಂದ ಕೂದಲಾ ಉದುರಿ ದುಂಡಗ ಆಗಿತ್ತು. ಫೋಟೋ ಇದ್ದ ಮೆಮೊರಿ ಕಾರ್ಡ್ ಕೆಟ್ಟು ಹೋಯ್ತು. ಡಾಕ್ಟರಮ್ಮ "ಎಷ್ಟು ದೊಡ್ಡದು" ಅಂತ ಕೇಳಿದ್ರು, ನಾ "ಒಂದು ರೂಪಾಯಿ ನಾಣ್ಯದಷ್ಟು" ಅಂದೆ. ಆಮ್ಯಾಲ ಹೋದಾಗ ಅವರು "ಇದು ರೂಪಾಯಿನಾ?" ಅಂತ ನಕ್ಕರು. ಹಳೇ ರೂಪಾಯಿ ದೊಡ್ಡದು, ಈಗಿಂದು ಸಣ್ಣದು ಆಗ್ಯಾದಲ್ಲ, ನನ್ನ ತಲ್ಯಾಗ ಹಳೇದೇ ಇತ್ತು!

ಗುರುಮಠಕಲ್ ಗುಬ್ಬಿ · 10:43

ರೂಪಾಯಿ ಬೆಲಿ ಅಷ್ಟೇ ಇಳದದ ಅಂತ ತಿಳ್ಕೊಂಡಿದ್ದೆ.

ದನದ ಡಾಕ್ಟರ್, ನಿವೃತ್ತ (ಬೀದರ್) · 10:52

ಅಕ್ಕಾ, ಚರ್ಮಕ್ಕೆ ಕಾಳು ಹೇಳ್ರಿ, ನಾಣ್ಯ ಬ್ಯಾಡ. ಸಾಸಿವೆ, ಜೋಳ, ಕಡ್ಲಿ. ನಮ್ಮ ಕಡೆ ಎಲ್ಲರ ಕಣ್ಣಾಗೂ ಆ ಅಳತೆ ಕೂತಿದೆ. ಅದಕ್ಕಿಂತ ಒಳ್ಳೇದು ಒಂದು ಕಾಗದದ ಮೇಲೆ ಬೆಕ್ಕು ಮೇಲಿಂದ ಕಾಣೋ ಹಾಗೆ ಗೆರೆ ಎಳೆದು, ಕೂದಲು ಉದುರಿದ ಜಾಗ ಪೆನ್ನಲ್ಲಿ ಗುರುತು ಹಾಕಿ, ಮೂರು ದಿನಕ್ಕೊಮ್ಮೆ ತಾರೀಖು ಬರೆಯೋದು. ಚರ್ಮದ ರೋಗ ಬೆಳೀತಿದೆಯೋ ನಿಂತಿದೆಯೋ ಅನ್ನೋದು ಒಂದು ಫೋಟೋದಲ್ಲಿ ತಿಳಿಯೋದೇ ಇಲ್ಲ. ದುಂಡಗೆ ಅಂದ್ರಲ್ಲ, ಮನೆಯಲ್ಲಿ ಯಾರ ಕೈ ಮೇಲಾದ್ರೂ ಗಜಕರ್ಣ ಎದ್ದಿತ್ತಾ?

ಯಾದಗಿರಿ ಅಕ್ಕ · 10:55

ಅಯ್ಯೋ, ಮಗನ ಕುತ್ತಿಗಿಗಿ ಎದ್ದಿತ್ತು! ಅದು ಶೆಕಿಗಿ ಅಂತ ಪೌಡರ್ ಹಚ್ಚಿದ್ವಿ.

ದನದ ಡಾಕ್ಟರ್, ನಿವೃತ್ತ (ಬೀದರ್) · 10:57

ಅದೂ ಬೆಕ್ಕಿನ ಡಾಕ್ಟರಿಗೆ ಹೇಳಬೇಕಾಗಿದ್ದ ಮಾತೇ. ಬೆಕ್ಕಿನಿಂದ ಮಕ್ಕಳಿಗೆ ಹಾರೋದು ಸಾಮಾನ್ಯ. ಮಗನನ್ನೂ ಚರ್ಮದ ಡಾಕ್ಟರಿಗೆ ತೋರಿಸ್ರಿ.

ಶಹಾಪುರ ಕಾಕಾ · 11:04

ನನ್ನ ಉಪ್ಪಿನ ಮಾತಿಗಿ ಉತ್ತರ ಬರಲೇ ಇಲ್ಲ. ದವಾಖಾನ್ಯಾಗ ಕಣ್ಣು ತೊಳೆಯೋದೂ ಉಪ್ಪು ನೀರಿಲೇ ಅಲ್ಲೇನ್ರಿ?

ದನದ ಡಾಕ್ಟರ್, ನಿವೃತ್ತ (ಬೀದರ್) · 11:15

ಅದು ಖರೆ ಕಾಕಾ. ಮೆಡಿಕಲ್ ಅಂಗಡಿಯಲ್ಲಿ ಸಲೈನ್ ಬಾಟಲಿ ಸಿಗ್ತದಲ್ಲ, ನೂರು ಎಂಎಲ್ ನೀರಿಗೆ ಒಂದು ಗ್ರಾಮಿಗೂ ಸ್ವಲ್ಪ ಕಡಿಮೆ ಉಪ್ಪು, ಕ್ರಿಮಿ ಇಲ್ಲದ್ದು. ಅದರಿಂದ ಕಸ ತೊಳೆದು ಹೋಗೋ ಹಾಗೆ ಹನಿ ಬಿಡಬಹುದು. ಬಾಯಲ್ಲಿ ಜಗಿದ ಉಪ್ಪಿಗೂ ಇದಕ್ಕೂ ಹೋಲಿಕೆ ಇಲ್ಲ. ನಿಮ್ಮ ಅಪ್ಪ ಉಗುಳಿದ ಎತ್ತುಗಳಲ್ಲಿ ವಾಸಿಯಾದದ್ದು ಗಾಯ ಮೇಲಿಂದು ಇದ್ದದ್ದಕ್ಕೆ. ಮೇಲಿನ ಗೀರು ಕೆಡಿಸದೆ ಬಿಟ್ರೆ ಎಷ್ಟೋ ಸಲ ತಾನೇ ವಾರದಲ್ಲಿ ಕೂಡ್ತದೆ.

ಇನ್ನು ಆಪರೇಷನ್ ಹನಿ. ಅದರಲ್ಲಿ ಬಹಳ ಸಲ ಎರಡು ಔಷಧ ಕೂಡಿರ್ತವೆ, ಒಂದು ಕ್ರಿಮಿಗೆ, ಇನ್ನೊಂದು ಊತ ಇಳಿಸಲಿಕ್ಕೆ ಸ್ಟೀರಾಯ್ಡ್. ಬಾಟಲಿ ಮೇಲೆ ಡೆಕ್ಸಾಮೆಥಾಸೋನ್ ಅಂತಲೋ ಪ್ರೆಡ್ನಿಸೋಲೋನ್ ಅಂತಲೋ ಬರೆದಿರ್ತದೆ. ಕಣ್ಣಿನ ಗಾಜಿಗೆ ಗಾಯ ಇದ್ದಾಗ ಅದು ಬಿದ್ರೆ ಗಾಯ ಕೂಡೋದು ನಿಲ್ತದೆ, ಒಮ್ಮೊಮ್ಮೆ ಅಂಚು ಕರಗಿ ಗಂಜಿಯ ಹಾಗೆ ಆಗ್ತದೆ. ಮೊದಲ ದಿನ ಕೆಂಪು ಇಳಿದು ಛಲೋ ಆದಂಗ ಕಾಣೋದೇ ಇದರ ಮೋಸ.

ತೊಗರಿ ಹೊಲದವ · 11:21

ಡಾಕ್ಟ್ರೇ... ಒಂದು ಮಾತು ಮುಚ್ಚಿಟ್ಟಿದ್ದೆ. ಅವ್ವನ ಹನಿ ಶನಿವಾರ ರಾತ್ರಿ ಒಂದು ಸಲ, ಇವತ್ತ ಮುಂಜಾನೆ ಒಂದು ಸಲ ಹಾಕೀನಿ. ಬಾಟಲಿ ನೋಡಿದೆ, "Moxifloxacin and Dexamethasone" ಅಂತ ಅದ. ಮತ್ತ ಡಾಕ್ಟರಿಗೆ ಇದು ಹೇಳಿಲ್ಲ, ಬೈತಾರಂತ.

ಕತ್ತಲ ಕೋಣ್ಯಾಗ ರೊಟ್ಟಿ ಕೊಟ್ಟು ನೋಡಿದೆ. ಕಂದು ಬಳಿ ಮಸುಕಾಗ್ಯಾದ. ಕೆಳಗ ಮೂಗಿನ ಕಡಿ ಜ್ವಾಳದ ಕಾಳಿನಷ್ಟು ಚುಕ್ಕಿ ಅದ, ಅಲ್ಲಿ ಹೊಳಪಿಲ್ಲ. ಮತ್ತೊಂದು, ನಾ ಎಡಗಣ್ಣು ಅಂದಿದ್ದೆ, ಅದು ನನಗ ಎದುರು ನಿಂತಾಗ ಎಡಕ್ಕ. ನಾಯಿಗಿ ಅದು ಬಲಗಣ್ಣು.

ದನದ ಡಾಕ್ಟರ್, ನಿವೃತ್ತ (ಬೀದರ್) · 11:33

ಹೇಳಿದ್ದೇ ಛಲೋ ಆಯ್ತು. ಆ ಹನಿ ಈಗಿಂದಲೇ ಬಂದ್. ಎರಡು ಸಲಕ್ಕೆ ಕಣ್ಣು ಹೋಗೇ ಹೋಗ್ತದೆ ಅಂತಲ್ಲ, ಆದ್ರೆ ವಾರ ಕಾಯೋ ಮಾತೇ ಇಲ್ಲ. ತೊಗರಿ ಕಟಾವು ಆದ ಹೊಲದಾಗ ಓಡಾಡಿತ್ತೇನು?

ತೊಗರಿ ಹೊಲದವ · 11:36

ಹೌದ್ರಿ, ಕೂಳಿ ನಿಂತಾವ. ಶುಕ್ರವಾರ ಮೊಲದ ಹಿಂದ ಬಿದ್ದಿತ್ತು.

ದನದ ಡಾಕ್ಟರ್, ನಿವೃತ್ತ (ಬೀದರ್) · 11:44

ನಾಯಿಯ ಕಣ್ಣಿನ ಎತ್ತರಕ್ಕೇ ಕೂಳೆಯ ತುದಿ ಇರ್ತದೆ. ನಾಳೆ ಮುಂಜಾನೆ ಅದೇ ಡಾಕ್ಟರಿಗೆ ಫೋನ್ ಮಾಡಿ ಹಿಂಗೇ ಓದ್ರಿ:

"ನಾಯಿಯ ಬಲಗಣ್ಣು, ಒಂದೇ ಕಣ್ಣು. ಶುಕ್ರವಾರ ಸಂಜೆ ತೊಗರಿ ಕೂಳೆ ಹೊಲದಿಂದ ಬಂದ ಮೇಲೆ ಶುರು, ಶನಿವಾರ ಮುಂಜಾನೆ ಬೆಳ್ಳಗಾಯ್ತು. ಬೆಳಕಿಗೆ ಕಣ್ಣು ತೆರೀವಲ್ದು, ಮೂರನೇ ರೆಪ್ಪೆ ಅಡ್ಡ ಬರ್ತದೆ. ಕಂದು ಬಳೆಯ ಮೇಲೇ ಮಬ್ಬು. ಎದುರಿಂದ ನೋಡಿದ್ರೆ ಗಡಿಯಾರದ ನಾಲ್ಕು ಐದರ ನಡುವೆ, ಜೋಳದ ಕಾಳಿನಷ್ಟು ಹೊಳಪಿಲ್ಲದ ಚುಕ್ಕೆ. ಡೆಕ್ಸಾಮೆಥಾಸೋನ್ ಇರೋ ಹನಿ ಎರಡು ಸಲ ಹಾಕೀವಿ."

"ಪೊರೆ" ಅನ್ನೋ ಶಬ್ದ ಬಾಯಿಗೆ ತರಬ್ಯಾಡ್ರಿ. ರಾತ್ರಿ ತಿಕ್ಕೊಳ್ಳದ ಹಾಗೆ ಕೊರಳಿಗೆ ಏನಾದ್ರೂ ಕಟ್ರಿ. ಕಣ್ಣಿಂದ ಒಮ್ಮೆಲೇ ಬಿಸಿ ನೀರು ಸುರಿದ್ರೆ, ಚುಕ್ಕೆಯ ನಡುವೆ ಕರೀ ತೂತು ಕಂಡ್ರೆ, ಅಥವಾ ಅಂಚು ಗಂಜಿ ಆದ್ರೆ ಬೆಳಗಾಗೋದನ್ನ ಕಾಯಬ್ಯಾಡ್ರಿ.

ಬಿಸಿಲೂರ ಹುಡುಗ · 11:50

ಸರ್, ಫೋಟೋ ಇದ್ದಿದ್ರ ಇಷ್ಟೆಲ್ಲಾ ಬೇಕೇ ಆಗತಿರಲಿಲ್ಲಲ್ಲ?

ದನದ ಡಾಕ್ಟರ್, ನಿವೃತ್ತ (ಬೀದರ್) · 11:58

ಫೋಟೋದಾಗ ಚುಕ್ಕೆ ಕಾಣ್ತಿತ್ತು. ಅವ್ವನ ಹನಿ ಕಾಣ್ತಿರಲಿಲ್ಲ, ಮೊಲ ಕಾಣ್ತಿರಲಿಲ್ಲ.

ಕಮಲಾಪುರ ಬಾಳಿಹಣ್ಣು · ಸೋಮವಾರ ಮುಂಜಾನೆ 6:30

ನಾ ಇದನ್ನ ಒಪ್ಪಂಗಿಲ್ಲ ಸರ್. ನಮ್ಮ ಪಗ್ ನಾಯಿ ಕಣ್ಣು ಗುಡ್ಡಿ ಸಮೇತ ಹೊರಗ ಬಂದಾಗ ಫೋಟೋ ಕಳಿಸಿದ್ದಕ್ಕೇ ಡಾಕ್ಟರ್ ಬಾಗಿಲು ತೆಗದು ಕುಂತಿದ್ರು. ಮಾತಿನ್ಯಾಗ ಹೇಳಿದ್ರ "ಊದ್ಯಾದ" ಅಂತ ತಿಳ್ಕೊತಿದ್ರು. ಎಲ್ಲಾ ಮಂದಿಗೂ ನಿಮ್ಮಂಗ ಕೇಳೋ ಡಾಕ್ಟರ್ ಸಿಗಂಗಿಲ್ಲ.

ದನದ ಡಾಕ್ಟರ್, ನಿವೃತ್ತ (ಬೀದರ್) · 6:52

ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಪಗ್, ಶಿಟ್ಜು ಇಂಥಾ ಚಪ್ಪಟೆ ಮೋತಿ ನಾಯಿಗಳ ಕಣ್ಣು ಹೊರಗೆ ಬಂದ್ರೆ ವರ್ಣನೆ ಮಾಡ್ತಾ ಕೂಡೋದೇ ತಪ್ಪು, ಒದ್ದೆ ಬಟ್ಟೆ ಮುಚ್ಕೊಂಡು ಓಡಬೇಕು.

ತೊಗರಿ ಹೊಲದವ · ಸೋಮವಾರ ರಾತ್ರಿ 8:15

ಮುಂಜಾನೆ ಏಳಕ್ಕ ಓದಿ ಹೇಳಿದೆ. ಡಾಕ್ಟರ್ ನಡುವೆ ಒಂದೇ ಮಾತು ಕೇಳಿದ್ರು, "ಡೆಕ್ಸಾ ಎಷ್ಟು ಸಲ?" ಅಂತ. "ಈಗಿಂದೀಗ ಬಾ" ಅಂದ್ರು. ಬೈಲಿಲ್ಲ. ಟಂಟಂದಾಗ ಹಾಕ್ಕೊಂಡು ಹೋದ್ವಿ.

ಕಿತ್ತಳಿ ಬಣ್ಣದ ಒಂದು ಕಾಗದದ ಪಟ್ಟಿ ಕಣ್ಣಿಗಿ ತಾಕಿಸಿ, ನೀಲಿ ಬೆಳಕು ಹಿಡದ್ರು. ಚುಕ್ಕಿ ಇದ್ದಲ್ಲಿ ಹಸರಾಗಿ ಹೊಳೀತು, ಬರಬರಿ ನಾಲ್ಕು ಐದರ ನಡುವೆ. ಗಾಯ ಅಂತ ತೋರಿಸಿದ್ರು. ಕಣ್ಣಿಗಿ ಮರಗಟ್ಟೋ ಹನಿ ಹಾಕಿ ಮೂರನೇ ರೆಪ್ಪಿ ಎತ್ತಿದ್ರು. ಒಳಗ ತೊಗರಿ ಹೊಟ್ಟಿನ ಚೂರು, ಉಗುರಿನ ಅರ್ಧದಷ್ಟು! ಅದು ಅಲ್ಲೇ ಕುಂತು ರೆಪ್ಪಿ ಮುಚ್ಚಿದಾಗೊಮ್ಮೆ ಗೀರತಿತ್ತಂತ. ಇನ್ನಾ ಆಳ ಹೋಗಿಲ್ಲ ಅಂದ್ರು. ಎರಡು ಹನಿ ಕೊಟ್ಟಾರ, ನಡುವೆ ಐದು ನಿಮಿಷ ಬಿಡಬೇಕು. ಗುರುವಾರ ಮತ್ತ ಬಣ್ಣ ಹಾಕಿ ನೋಡತಾರ.

ಯಾದಗಿರಿ ಅಕ್ಕ · 8:20

ಮಗಳಿಗಿ ಒಂದು ಪೇಡಾ ಕೊಡಸ್ರಿ ಅಣ್ಣಾ.

ತೊಗರಿ ಹೊಲದವ · 9:40

ಡಾಕ್ಟ್ರೇ ಇದ್ದೀರೇನು? ಎರಡನೇ ಹನಿ ಹಾಕಿದ ಮ್ಯಾಲ ಬಾಯಾಗ ನೊರಿ ಬರಲತ್ತದ, ಜೊಲ್ಲು ಸುರಿಸಲತ್ತದ. ಕಣ್ಣಿನ ಕರಿಗುಂಡೂ ದೊಡ್ಡದಾಗ್ಯಾದ. ಹುಚ್ಚು ಹಿಡೀತೇನ್ರಿ?

ದನದ ಡಾಕ್ಟರ್, ನಿವೃತ್ತ (ಬೀದರ್) · 9:47

ಬಾಟಲಿ ಹೆಸರು ಓದ್ರಿ.

ತೊಗರಿ ಹೊಲದವ · 9:49

"Atropine".

ದನದ ಡಾಕ್ಟರ್, ನಿವೃತ್ತ (ಬೀದರ್) · 9:54

ಹೆದರಬ್ಯಾಡ್ರಿ. ಅದು ಕಣ್ಣಿನ ಒಳಗಿನ ಸ್ನಾಯು ಬಿಗಿಯೋ ನೋವು ಇಳಿಸ್ತದೆ, ಅದಕ್ಕೇ ಕರಿಗುಂಡು ಅಗಲ ಆಗಿದೆ. ಕಣ್ಣಿಗೆ ಹಾಕಿದ ಹನಿ ಮೂಗಿನ ದಾರಿಯಿಂದ ಬಾಯಿಗೆ ಇಳೀತದೆ, ಭಾಳ ಕಹಿ. ಸ್ವಲ್ಪ ಹೊತ್ತಿಗೆ ನೊರೆ ನಿಲ್ತದೆ. ನಿಲ್ಲದಿದ್ರೆ ಅಥವಾ ನಾಯಿ ತೂರಾಡಿದ್ರೆ ಕೊಟ್ಟ ಡಾಕ್ಟರಿಗೇ ಫೋನ್ ಮಾಡ್ರಿ, ನನಗಲ್ಲ.

ತೊಗರಿ ಹೊಲದವ · 10:25

ನಿಂತದ್ರಿ. ಮಲಕ್ಕೊಂಡದ.

ಶಹಾಪುರ ಕಾಕಾ · 10:31

ಉಪ್ಪು ಉಗುಳಿದ್ರ ಹೊಟ್ಟಿನ ಚೂರು ತೊಳದೇ ಹೋಗತಿತ್ತು ಅಂತ ನಾ ಈಗೂ ಅಂತೀನಿ.

ಭಾಲ್ಕಿ ಗೌಳಿ · 10:33

ಕಾಕಾ, ರೆಪ್ಪಿ ಒಳಗ ಇದ್ದದ್ದು ಹೆಂಗ ಹೋಗತದ?

ಶಹಾಪುರ ಕಾಕಾ · 10:36

ಜೋರಿಲೆ ಉಗುಳಬೇಕು.

ತೊಗರಿ ಹೊಲದವ · ಗುರುವಾರ ಸಂಜೆ 6:05

ಬಣ್ಣ ಹಾಕಿದ್ರು. ಹಸರು ಈಗ ಸಾಸಿವಿಯಷ್ಟೇ. ಮಬ್ಬು ಇನ್ನಾ ಅದ, ಅದು ನಿಧಾನ ಹೋಗತದ, ಒಂದು ಸಣ್ಣ ಕಲಿ ಉಳದರೂ ಉಳೀಬಹುದು ಅಂದ್ರು. ಕೊರಳಿಗಿ ಹಾಕೋ ಪ್ಲಾಸ್ಟಿಕ್ ಬುಟ್ಟಿ ಸಿಗಲಿಲ್ಲ, ಹಳೇ ಬಕೀಟಿನ ತಳ ಕೊಯ್ದು ಕಟ್ಟೀವಿ. ಬಾಗಲಕ್ಕೆಲ್ಲಾ ಬಡಕೋತ ಅಡ್ಡಾಡಲತ್ತದ. ಅದರ ಫೋಟೋ ಮಾತ್ರ ಅಳಿಯನ ಫೋನಿನ್ಯಾಗ ಹದಿನೇಳು ಅವ.